ಅರ್ಧ ಲೋಟ ಕಾಫಿ

ಮೂಲೆ ಟೇಬಲ್ಲಿಗೆ ಅಜ್ಜ ಬಂದು ಕೂತರೆ ಮಂಜ ಏನು ಬೇಕು ಅಂತ ಕೇಳುತ್ತಿರಲಿಲ್ಲ. ಅಂಚು ತೆಗೆದ ಎರಡು ಬ್ರೆಡ್ಡು, ಒಂದು ಲೋಟ ಬಿಸಿನೀರು, ಅರ್ಧ ಲೋಟ ಕಾಫಿ. ಅದು ಮುಗಿದ ಮೇಲೆ ಇನ್ನೊಂದು ಅರ್ಧ.

ಅರ್ಧ ಯಾಕೆ ಅಂತ ಅಜ್ಜ ಯಾವತ್ತೂ ಹೇಳಿರಲಿಲ್ಲ. ಮೊದಮೊದಲು ಮಂಜ ಎಲ್ಲರಿಗೂ ಕೊಡುವ ಹಾಗೆ ತುಂಬಿದ ಲೋಟವನ್ನೇ ಇಡುತ್ತಿದ್ದ. ಅಜ್ಜ ಅದನ್ನು ಮುಟ್ಟದೆ, ಸುತ್ತಮುತ್ತ ಯಾರಾದರೂ ನೋಡುತ್ತಿದ್ದಾರಾ ಅಂತ ಕಣ್ಣಾಡಿಸಿ, ಆರಿ ತಣ್ಣಗಾದ ಮೇಲೆ ತಲೆಯನ್ನೇ ಲೋಟದ ಹತ್ತಿರ ಬಗ್ಗಿಸಿ ಒಂದು ಗುಟುಕು ಕುಡಿಯುತ್ತಿದ್ದರು. ಅವರ ಕೈ ನಡುಗುತ್ತಿತ್ತು. ಮಾರನೇ ದಿನದಿಂದ ಮಂಜ ಅರ್ಧವೇ ತಂದಿಟ್ಟ. ಅಜ್ಜ ಲೋಟ ನೋಡಿದರು, ಇವನ ಮುಖ ನೋಡಿದರು, ಕುಡಿದರು. ಅಷ್ಟೇ ಮಾತು.

ಆಮೇಲೆ ಒಂದು ಸೋಮವಾರ ಅವರು ಬರಲಿಲ್ಲ. ಮಂಗಳವಾರವೂ ಇಲ್ಲ. ವಾರ ಕಳೆಯಿತು. "ವಯಸ್ಸಾದವರು, ಮಗನ ಮನೆಗೋ ಎಲ್ಲೋ ಹೋಗಿರ್ತಾರೆ ಬಿಡೋ" ಅಂದರು ಯಜಮಾನರು. ಮಂಜನಿಗೆ ಸಮಾಧಾನ ಆಗಲಿಲ್ಲ. ಹೆಸರು ಗೊತ್ತಿಲ್ಲ, ಮನೆ ಗೊತ್ತಿಲ್ಲ, ಯಾರನ್ನ ಕೇಳೋದು? ಬಿಸಿನೀರಿನ ಜೊತೆ ಅವರು ನುಂಗುತ್ತಿದ್ದ ಮಾತ್ರೆ ನೆನಪಾಯಿತು. ಎದುರಿನ ಮೆಡಿಕಲ್ ಶಾಪಿನ ಹುಡುಗ, ಮಂಜ ಅಜ್ಜನ ಕೋಲು ಮತ್ತು ಕನ್ನಡಕದ ಗುರುತು ಹೇಳಿದ ತಕ್ಷಣ, "ಅವರಾ? ಬಾತ್‌ರೂಮಲ್ಲಿ ಜಾರಿ ಬಿದ್ದು ಸೊಂಟ ಮುರ್ಕೊಂಡಿದ್ದಾರೆ, ಮಗಳೇ ಬಂದು ಮಾತ್ರೆ ತಗೊಂಡು ಹೋಗ್ತಾರೆ" ಅಂತ ಹೇಳಿ ಮನೆಯನ್ನೂ ತೋರಿಸಿದ.

ಮಧ್ಯಾಹ್ನ ಗಿರಾಕಿ ಕಡಿಮೆಯಾದ ಹೊತ್ತಲ್ಲಿ ಮಂಜ ಹೋದ. ಬಾಗಿಲು ತೆಗೆದ ಮಗಳು ಸೋತುಹೋಗಿದ್ದರು. "ಏನೂ ತಿನ್ನಲ್ಲ, ಕಾಫಿ ಕೊಟ್ರೆ ಬೇಡ ಅಂತಾರೆ. ಆಪರೇಷನ್ ಆದ್ಮೇಲೆ ಬಾಯಿರುಚಿನೇ ಹೋಗಿದೆ ಅನ್ಸುತ್ತೆ."

ಮಂಚದ ಪಕ್ಕದ ಸ್ಟೂಲಿನ ಮೇಲೆ ಅಂಚಿನವರೆಗೆ ತುಂಬಿದ ಲೋಟ ಕೆನೆಗಟ್ಟಿ ಕೂತಿತ್ತು. ಮಂಜ ಅಲ್ಲಿ ಏನೂ ಹೇಳಲಿಲ್ಲ. ಅಜ್ಜನ ಎದುರು ಹೇಳುವ ಮಾತಲ್ಲ ಅದು. ಅಡುಗೆಮನೆಗೆ ಹೋಗಿ ಮೆಲ್ಲಗೆ ಹೇಳಿದ: "ಅಕ್ಕಾ, ಅರ್ಧ ಹಾಕಿ. ತುಂಬಿದ್ರೆ ಚೆಲ್ಲುತ್ತೆ ಅಂತ ಅವರಿಗೆ ನಾಚಿಕೆ. ಬ್ರೆಡ್ಡಿನ ಅಂಚು ತೆಗೀರಿ, ಹಲ್ಲಿಗೆ ಆಗಲ್ಲ."

ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. "ನಾನು ಮಗಳು, ನಂಗೆ ಒಂದ್ಸಲಾನೂ ಹೇಳಿಲ್ಲ ನೋಡಿ."

"ನಂಗೂ ಹೇಳಿಲ್ಲ ಅಕ್ಕಾ. ದಿನಾ ನೋಡ್ತಿದ್ದೆ, ಅಷ್ಟೇ."

ಹೊಸದಾಗಿ ಬಿಸಿ ಮಾಡಿದ ಅರ್ಧ ಲೋಟ ಕಾಫಿಯನ್ನು ಮಗಳೇ ತಂದು ಕೊಟ್ಟರು. ಅಜ್ಜ ಎರಡೂ ಕೈಯಲ್ಲಿ ಹಿಡಿದು ನಿಧಾನಕ್ಕೆ ಕುಡಿದು ಲೋಟ ಮುಂದೆ ಚಾಚಿದರು. "ಇನ್ನರ್ಧ ತಾರಮ್ಮ."

ಆಮೇಲೆ ಮಂಜನ ಕಡೆ ತಿರುಗಿದರು. "ನನ್ನ ಟೇಬಲ್ ಖಾಲಿ ಬಿಟ್ಟಿದ್ದೀಯೇನೋ?"

"ಹೂಂ ಅಜ್ಜ."

"ಬಿಡಬೇಡ, ಯಜಮಾನರು ಬೈತಾರೆ. ನಾನು ನಡೆಯೋಕೆ ಇನ್ನೂ ಎರಡು ತಿಂಗಳಾದ್ರೂ ಬೇಕಂತೆ. ಅಲ್ಲಿವರೆಗೆ ಯಾರನ್ನಾದ್ರೂ ಕೂರಿಸು."