ಗೃಹಸಾಲಕ್ಕಾಗಿ ಸಂಬಳ ಪ್ರಮಾಣಪತ್ರ ಕೋರಿ ಮನವಿ

ದಿನಾಂಕ: 09-03-2026
ಹುಬ್ಬಳ್ಳಿ

ಇವರಿಂದ:
ಬಸವರಾಜ ಚನ್ನಪ್ಪ ಹಡಪದ
ಹಿರಿಯ ಫಿಟ್ಟರ್, ನಿರ್ವಹಣಾ ವಿಭಾಗ
ನೌಕರ ಸಂಖ್ಯೆ 1147

ಇವರಿಗೆ:
ವ್ಯವಸ್ಥಾಪಕರು, ಸಿಬ್ಬಂದಿ ವಿಭಾಗ
ಗೋಕುಲ ರಸ್ತೆ ಘಟಕ, ಹುಬ್ಬಳ್ಳಿ

ವಿಷಯ: ಗೃಹಸಾಲದ ಅರ್ಜಿಗೆ ಸಂಬಳ ಪ್ರಮಾಣಪತ್ರ ನೀಡುವ ಕುರಿತು

ಮಾನ್ಯರೇ,

ಮನೆ ಕಟ್ಟಲು 20 ವರ್ಷದ ಅವಧಿಗೆ 22 ಲಕ್ಷ ರೂಪಾಯಿ ಸಾಲಕ್ಕೆ ಅರ್ಜಿ ಹಾಕುತ್ತಿದ್ದೇನೆ. ಸಂಬಳ ಚೀಟಿ, ಎರಡು ವರ್ಷದ ಫಾರಂ 16 ನನ್ನ ಬಳಿ ಇವೆ. ಇವುಗಳ ಜೊತೆಗೆ ಸಂಸ್ಥೆಯ ಸಂಬಳ ಪ್ರಮಾಣಪತ್ರವನ್ನೂ ಬ್ಯಾಂಕಿನವರು ಕೇಳಿದ್ದಾರೆ. ಪತ್ರ ಇಂಗ್ಲಿಷಿನಲ್ಲಿ, ಲೆಟರ್‌ಹೆಡ್ ಮೇಲೆ, ಕೆನರಾ ಬ್ಯಾಂಕಿನ ವಿದ್ಯಾನಗರ ಶಾಖೆಯ ವ್ಯವಸ್ಥಾಪಕರ ಹೆಸರಿಗೇ ಇರಲಿ.

ಹೆಸರನ್ನು ಪ್ಯಾನ್ ಕಾರ್ಡಿನಲ್ಲಿರುವಂತೆ ಪೂರ್ತಿ ಬರೆಸಬೇಕೆಂದು ವಿನಂತಿ. ನಮ್ಮ ಹಾಜರಿ ಪುಸ್ತಕದಲ್ಲಿ 'ಬಸವರಾಜ ಸಿ. ಹಡಪದ' ಎಂದಿದೆ. ಹಾಗೇ ಹೋದರೆ ಇಬ್ಬರೂ ಒಬ್ಬರೇ ಎಂದು ಅಫಿಡವಿಟ್ ಮಾಡಿಸಲು ನಾನು ಅಲೆಯಬೇಕಾದೀತು. ಸೇರಿದ ದಿನ 02-06-2014, ಹುದ್ದೆ, ಖಾಯಂ ನೌಕರ ಎಂಬ ಮಾತು, ನಿವೃತ್ತಿಯ ದಿನ 31-07-2047 ಇವಿಷ್ಟೂ ಬರಲಿ. ಸಾಲ ನಿವೃತ್ತಿಯೊಳಗೆ ತೀರುತ್ತದೆಯೇ ಎಂದು ಅವರು ನೋಡುವುದು ಕೊನೆಯ ದಿನಾಂಕದಿಂದಲೇ.

ಸಂಬಳದ ವಿವರ, ತಿಂಗಳಿಗೆ:
ಮೂಲ ವೇತನ ಮತ್ತು ತುಟ್ಟಿಭತ್ಯೆ 32,000
ಮನೆ ಬಾಡಿಗೆ ಭತ್ಯೆ 12,800
ವಿಶೇಷ ಭತ್ಯೆ 9,200
ಒಟ್ಟು 54,000
ಕಡಿತ: ಪಿಎಫ್ 3,840, ವೃತ್ತಿ ತೆರಿಗೆ 200, ಸಹಕಾರಿ ಸಂಘದ ಸಾಲದ ಕಂತು 4,000
ಕೈಗೆ ಬರುವುದು 45,960

ಸಂಘದ ಕಂತನ್ನು ದಯವಿಟ್ಟು ಬಿಡಬೇಡಿ. ಅದು ಶಾಸನಬದ್ಧ ಕಡಿತವಲ್ಲವೆಂದು ಕೈಬಿಟ್ಟರೆ ಪತ್ರದಲ್ಲಿ 49,960 ಬರುತ್ತದೆ, ಪಾಸ್‌ಬುಕ್ಕಿನಲ್ಲಿ 45,960 ಇರುತ್ತದೆ. ನಮ್ಮ ವಿಭಾಗದ ಒಬ್ಬರ ಪತ್ರ ಕಳೆದ ವರ್ಷ ಇದೇ ಕಾರಣಕ್ಕೆ ವಾಪಸ್ ಬಂದಿತ್ತು. ಕಂತನ್ನು ಬೇರೆ ಸಾಲಿನಲ್ಲಿ ತೋರಿಸಿ, ಅದು ಸೆಪ್ಟೆಂಬರ್ 2026ಕ್ಕೆ ಮುಗಿಯುತ್ತದೆ ಎಂದೂ ಸೇರಿಸಿದರೆ ನನಗೆ ಅನುಕೂಲ: ಈಗಿನ ಕಂತುಗಳನ್ನು ಕಳೆದೇ ಹೊಸ ಸಾಲದ ಮೊತ್ತ ನಿರ್ಧಾರವಾಗುತ್ತದೆ. ಫೆಬ್ರವರಿಯಲ್ಲಿ ವೃತ್ತಿ ತೆರಿಗೆ 300 ಕಡಿತವಾಗಿ ಖಾತೆಗೆ 45,860 ಜಮೆಯಾಗಿದೆ. ಆ ನೂರು ರೂಪಾಯಿಗೂ ಪ್ರಶ್ನೆ ಬರಬಹುದು, ಒಂದು ಸಾಲಿನ ಟಿಪ್ಪಣಿ ಸಾಕು.

ಓವರ್‌ಟೈಮ್, ಬೋನಸ್ ಮಾಸಿಕ ಸಂಬಳದಲ್ಲಿ ಸೇರಿಸುವುದು ಬೇಡ. ಪ್ರತಿ ತಿಂಗಳೂ ಒಂದೇ ಸಮ ಬರದ ಹಣವದು, ಸೇರಿಸಿದರೆ ಸಂಬಳ ಚೀಟಿಗೆ ತಾಳೆಯಾಗದು.

ಸಹಿ ಮಾಡುವವರ ಹೆಸರು, ಹುದ್ದೆ, ಕಚೇರಿಯ ಸ್ಥಿರ ದೂರವಾಣಿ, ದುಂಡು ಮೊಹರು, ಪತ್ರದ ಸಂಖ್ಯೆ ಇರಬೇಕು. ಬ್ಯಾಂಕಿನಿಂದ ಪರಿಶೀಲನೆಗೆ ಫೋನ್ ಬಂದಾಗ ಪತ್ರ ಕೊಟ್ಟದ್ದು ಗೊತ್ತೇ ಇಲ್ಲ ಎನ್ನುವಂತಾಗದಿರಲು ಒಂದು ಪ್ರತಿ ನನ್ನ ಕಡತದಲ್ಲಿ ಇಡಿಸಬೇಕಾಗಿ ಕೋರುತ್ತೇನೆ. 'ನೌಕರರ ಕೋರಿಕೆಯ ಮೇರೆಗೆ ನೀಡಿದೆ, ಸಾಲಕ್ಕೆ ಸಂಸ್ಥೆ ಹೊಣೆಯಲ್ಲ' ಎಂಬ ಎಂದಿನ ವಾಕ್ಯ ಇದ್ದರೆ ನನ್ನ ಅಭ್ಯಂತರವಿಲ್ಲ.

ಅರ್ಜಿ ಸಲ್ಲಿಸುವುದು 16ರ ಸೋಮವಾರ. 13ರ ಶುಕ್ರವಾರದೊಳಗೆ ಎರಡು ಮೂಲಪ್ರತಿ ಕೊಡಿಸಿದರೆ ಯುಗಾದಿ ರಜೆಗೆ ಮುಂಚೆ ಕೆಲಸವಾಗುತ್ತದೆ.

ಲಗತ್ತು: ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಸಂಬಳ ಚೀಟಿ, ಪ್ಯಾನ್ ಪ್ರತಿ, ಸಂಘದ ಸಾಲದ ಲೆಕ್ಕಪತ್ರ.

ತಮ್ಮ ವಿಶ್ವಾಸಿ,
ಬಸವರಾಜ ಚನ್ನಪ್ಪ ಹಡಪದ