ವಿಷಯ: ಡೊಂಬಿವಲಿಯಲ್ಲಿ ಉಬ್ಬುತ್ತಿರುವ ನಿಮ್ಮ ದೋಸೆ ಹಿಟ್ಟಿನ ಪ್ಯಾಕೆಟ್, ಮತ್ತು ಖಾಲಿ ಇರುವ ಡಿಸ್ಪ್ಯಾಚ್ ಕೆಲಸ

ಮೇಡಂ, ನಮಸ್ಕಾರ.

ನನ್ನ ಪರಿಚಯ ನಿಮಗಿಲ್ಲ. ಮಾಟುಂಗಾ ಮಾರ್ಕೆಟ್ಟಿನಲ್ಲಿ ನಿಮ್ಮ ಹಿಟ್ಟು ಇಡುವ ಶೆಟ್ಟರ ಹತ್ತಿರ ನಿಮ್ಮ ಮೇಲ್ ವಿಳಾಸ ಕೇಳಿದೆ. ನಿಮಗೊಂದು ಫೋನ್ ಮಾಡಿ ಕೇಳಿಯೇ ಅವರು ಕೊಟ್ಟರು. ನಿಮ್ಮ ಡಿಸ್ಪ್ಯಾಚ್ ನೋಡಿಕೊಳ್ಳುತ್ತಿದ್ದವರು ನೇಮಕ್ಕೆ ಅಂತ ಊರಿಗೆ ಹೋದವರು ಅಲ್ಲೇ ನಿಂತುಬಿಟ್ಟಿದ್ದಾರೆ, ಈಗ ಬೆಳಗ್ಗೆ ಗಾಡಿ ಬಿಡುವ ಕೆಲಸವೂ ನಿಮ್ಮ ತಲೆ ಮೇಲೇ ಇದೆ ಅಂತ ಗೊತ್ತಾಗಿದ್ದು ಅವರಿಂದಲೇ. ಆ ಕೆಲಸಕ್ಕೆ ಜನ ಬೇಕು ಅಂತ ನೀವು ಎಲ್ಲೂ ಹಾಕಿಲ್ಲ. ಆದರೂ ಕೇಳುತ್ತಿದ್ದೇನೆ: ಅದನ್ನು ನನಗೆ ಕೊಡುತ್ತೀರಾ?

ನಾನು ಕುಂದಾಪುರದ ಕಡೆಯವನು, ವಯಸ್ಸು 31, ಇರುವುದು ಡೊಂಬಿವಲಿ ಪೂರ್ವದಲ್ಲಿ. ಆರು ವರ್ಷದಿಂದ ಭಿವಂಡಿಯಲ್ಲಿ ಹಾಲು ಮೊಸರು ಹಂಚುವ ಒಂದು ಕಡೆ ರೂಟ್ ಸೂಪರ್‌ವೈಸರ್. 11 ರೂಟು, 14 ಡ್ರೈವರು, ಬೆಳಗಿನ ಜಾವ ಮೂರೂವರೆಗೆ ಲೋಡಿಂಗ್ ಶುರು. ಬಿ.ಕಾಂ. ಎರಡನೇ ವರ್ಷಕ್ಕೆ ನಿಂತಿದೆ, ಅದನ್ನು ಮುಚ್ಚಿಡುವುದಿಲ್ಲ.

ಬಯೋಡೇಟಾ ಜೊತೆಗಿದೆ, ಅದನ್ನು ಆಮೇಲೆ ನೋಡಿ. ಮೊದಲು ನಿಮ್ಮ ಹಿಟ್ಟಿನ ವಿಷಯ.

ನಮ್ಮ ಮನೆಗೆ ಬರುವುದು ನಿಮ್ಮದೇ ಹಿಟ್ಟು. ಮೇ ತಿಂಗಳ ಸೆಕೆಯಲ್ಲಿ ಎರಡು ಸಲ ಬಲೂನಿನ ಹಾಗೆ ಉಬ್ಬಿದ ಪ್ಯಾಕೆಟ್ ಸಿಕ್ಕಿತು. ಅಂಗಡಿಯವನು ಬದಲಿಸಿ ಕೊಟ್ಟ. ಆದರೆ ಕೊಡುವಾಗ "ಕಂಪನಿ ಮಾಲೇ ಹೀಗೆ" ಅಂದ, ಅದು ನನಗೆ ಸರಿ ಕಾಣಲಿಲ್ಲ, ಯಾಕೆಂದರೆ ಅದೇ ತಾರೀಖಿನ ಪ್ಯಾಕೆಟ್ ಮಾಟುಂಗಾದಲ್ಲಿ ಚೆನ್ನಾಗಿಯೇ ಇತ್ತು. ಸುಮ್ನೆ ಕೂರಲಾಗದೆ 12 ದಿನ ಮನೆ ಹತ್ತಿರದ ಐದು ಅಂಗಡಿ ಸುತ್ತಿದೆ. ಗಾಡಿ ಎಷ್ಟು ಗಂಟೆಗೆ ಬಂತು, ಎಷ್ಟು ಇಳಿಸಿತು, ಎಷ್ಟು ಉಬ್ಬಿತು, ಎಲ್ಲಾ ಬರೆದಿಟ್ಟೆ. ನಾನಿಲ್ಲದ ಹೊತ್ತಿನದನ್ನು ಅಂಗಡಿ ಹುಡುಗರು ಬರೆದುಕೊಟ್ಟರು. (ನನಗೆ ಹುಚ್ಚು ಅಂತ ಹೆಂಡತಿ ಹೇಳಿದ್ದು ಆಗಲೇ.)

ಇಳಿದದ್ದು ಒಟ್ಟು 212 ಪ್ಯಾಕೆಟ್, ಉಬ್ಬಿದ್ದು 31. ಅದರಲ್ಲಿ 22 ಎರಡೇ ಅಂಗಡಿಯವು. ಇಬ್ಬರೂ ರಾತ್ರಿ ಬಾಗಿಲು ಹಾಕುವಾಗ ಕರೆಂಟ್ ಬಿಲ್ಲಿಗೆ ಹೆದರಿ ಫ್ರಿಜ್ ಆಫ್ ಮಾಡಿ ಹೋಗುತ್ತಾರೆ. ಹಿಟ್ಟು ಜೀವ ಇರುವ ಪದಾರ್ಥ, ತಣ್ಣಗಿದ್ದರೆ ಅದರ ಹುಳಿಯುವಿಕೆ ನಿಧಾನವಾಗುತ್ತದೆ ಅಷ್ಟೇ, ನಿಲ್ಲುವುದಿಲ್ಲ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ರಾತ್ರಿಯಿಡೀ ಮುಂಬಯಿ ಸೆಕೆಯಲ್ಲಿ ಇದ್ದರೆ ಒಳಗೆ ಗ್ಯಾಸ್ ತುಂಬುತ್ತದೆ. ಬೆಳಗ್ಗೆ ಫ್ರಿಜ್ ಹಾಕಿದರೆ ಪ್ಯಾಕೆಟ್ ಮತ್ತೆ ತಣ್ಣಗಾಗುತ್ತದೆ, ಗ್ಯಾಸ್ ಮಾತ್ರ ಎಲ್ಲೂ ಹೋಗುವುದಿಲ್ಲ. ಒಂಬತ್ತು ಗಂಟೆಗೆ ಬರುವ ನಿಮ್ಮ ಸೇಲ್ಸ್ ಹುಡುಗ ಮುಟ್ಟಿ ನೋಡಿದರೆ ಫ್ರಿಜ್ ತಣ್ಣಗೇ ಇರುತ್ತದೆ, ಹಾಗಾಗಿ ತಪ್ಪು ಹಿಟ್ಟಿನ ಮೇಲೇ ಬರುತ್ತದೆ. ಇಂಥ ಅಂಗಡಿಗೆ ಫ್ರಿಜ್ ಆಫ್ ಮಾಡಬೇಡ ಅಂತ ಪಾಠ ಹೇಳಿ ಉಪಯೋಗವಿಲ್ಲ, ಮೊಸರಿನಲ್ಲಿ ಹೇಳಿ ಹೇಳಿ ಸೋತಿದ್ದೇನೆ. ಅದೇ ದಿನ ಸಂಜೆಯೊಳಗೆ ಹೋಗುವಷ್ಟು ಮಾತ್ರ ಇಳಿಸಬೇಕು. ಆ ಎರಡು ಅಂಗಡಿಗೆ ಈಗ ಇಳಿಯುತ್ತಿರುವುದರ ಅರ್ಧದಷ್ಟು ಸಾಕು.

ಉಳಿದ ಒಂಬತ್ತರಲ್ಲಿ ಏಳು, ಗಾಡಿ ಹನ್ನೊಂದರ ಮೇಲೆ ಬಂದ ದಿನಗಳವು. ನಿಮ್ಮ ಗಾಡಿ ತುರ್ಭೆಯಿಂದ ಹೊರಟು ಚೆಂಬೂರು, ಮಾಟುಂಗಾ, ಮುಲುಂಡ್, ಠಾಣೆ ಮುಗಿಸಿ ಕೊನೆಗೆ ಡೊಂಬಿವಲಿಗೆ ಬರುತ್ತದೆ ಅಂತ ಡ್ರೈವರ್ ಅಣ್ಣ ಹೇಳಿದರು. ಅಷ್ಟು ಹೊತ್ತಿಗೆ ಬಾಗಿಲು ಅದೆಷ್ಟು ಸಲ ತೆರೆದು ಮುಚ್ಚಿರುತ್ತದೋ! ತುರ್ಭೆಯಿಂದ ಮಹಾಪೆ, ಶಿಳಫಾಟಾ ಮೇಲೆ ಬಂದರೆ ಡೊಂಬಿವಲಿ ಪಕ್ಕದಲ್ಲೇ ಇದೆ ಅಲ್ವಾ? ಆದರೆ ಶಿಳಫಾಟಾ ಚೌಕವನ್ನು ಟ್ರಾಫಿಕ್ ಶುರುವಾಗುವ ಮೊದಲೇ ದಾಟಬೇಕು, ಇಲ್ಲದಿದ್ದರೆ ಅಲ್ಲೇ ಹಿಟ್ಟು ಹುಳಿ ಬರುತ್ತದೆ. ಇದಕ್ಕೆ ಹೊಸ ಗಾಡಿ ತೆಗೆದುಕೊಳ್ಳಿ ಅನ್ನುವುದಿಲ್ಲ. ವಾರಕ್ಕೆ ಮೂರು ದಿನ ಬಾಡಿಗೆಗೆ ಒಂದು ಛೋಟಾ ಹಾಥಿ ಟೆಂಪೋ, ಅದರಲ್ಲಿ ಐಸ್ ಪ್ಯಾಕ್ ಹಾಕಿದ ಥರ್ಮಾಕೋಲ್ ಪೆಟ್ಟಿಗೆ, ಒಂದು ತಿಂಗಳು ನೋಡೋಣ. ವಾಪಸ್ ಬರುವ ಮಾಲಿನ ಲೆಕ್ಕಕ್ಕೂ ಬಾಡಿಗೆಗೂ ತಾಳೆ ಬೀಳದಿದ್ದರೆ ನಾನೇ ನಿಲ್ಲಿಸುತ್ತೇನೆ. ನನ್ನ ಲೆಕ್ಕ ಐದೇ ಅಂಗಡಿಯದ್ದು. ನಿಮ್ಮ ಪುಸ್ತಕದಲ್ಲಿ ಬೇರೆ ಕಥೆ ಇದ್ದರೆ ಮೇಲೆ ಬರೆದದ್ದೆಲ್ಲ ತಲೆಕೆಳಗಾಗಬಹುದು.

ಈಗ ನನ್ನದೊಂದು ತಪ್ಪು. ಬೇರೆಯವರಿಂದ ಗೊತ್ತಾಗುವುದಕ್ಕಿಂತ ನಾನೇ ಹೇಳುವುದು ಒಳ್ಳೆಯದು. ಎರಡು ವರ್ಷದ ಹಿಂದೆ ಜುಲೈನಲ್ಲಿ ಒಂದು ದಿನ ಕಿಂಗ್ಸ್ ಸರ್ಕಲ್ ಹತ್ತಿರ ಮೊಣಕಾಲುದ್ದ ನೀರು, ನಮ್ಮ ಗಾಡಿ ಸಿಕ್ಕಿಕೊಂಡಿತು. ಇನ್ನೇನು ಇಳಿಯುತ್ತದೆ, ಕಾಯಿ ಅಂತ ಡ್ರೈವರಿಗೆ ಹೇಳಿದ್ದು ನಾನು. ನೀರು ಏರಿತು, ಅವನು ಎಂಜಿನ್ ಆಫ್ ಮಾಡಿದ, ಅದರ ಜೊತೆಗೇ ಕೂಲಿಂಗ್ ನಿಂತಿತು. 340 ಕಿಲೋ ಮೊಸರು ಚೆಲ್ಲಬೇಕಾಯಿತು. ಆವತ್ತಿನಿಂದ ಮಳೆಗಾಲದಲ್ಲಿ ಗಾಡಿ ಬಿಡುವ ಮೊದಲು ಸಮುದ್ರದ ಉಬ್ಬರದ ಪಟ್ಟಿ ನೋಡುತ್ತೇನೆ. ನಾಲ್ಕೂವರೆ ಮೀಟರ್ ದಾಟುವ ಉಬ್ಬರ ಇದ್ದು ಮಳೆಯೂ ಜೋರಿದ್ದರೆ ತಗ್ಗಿನ ಜಾಗದ ಅಂಗಡಿಗಳಿಗೆ ಮೊದಲು ಹೋಗುವ ಹಾಗೆ ರೂಟು ತಿರುಗಿಸುತ್ತೇನೆ. ಆಮೇಲೂ ಗಾಡಿ ಸಿಕ್ಕಿಕೊಂಡಿದೆ, ಮಾಲು ಹಾಳಾಗಿಲ್ಲ.

ನನ್ನ ಸೆಕ್ಷನ್ನಿನಲ್ಲಿ ಮೊಸರಿನ ವಾಪಸಾತಿ ನೂರಕ್ಕೆ ಆರು ಇದ್ದದ್ದು ಎರಡಕ್ಕೆ ಬಂತು. ಒಂದೂವರೆ ವರ್ಷ ಹಿಡಿಯಿತು, ಅದರಲ್ಲಿ ಸ್ವಲ್ಪ ಪಾಲು ಚಳಿಗಾಲದ್ದೂ ಇರಬಹುದು.

ಅರೆಯುವುದು, ಹುಳಿ ಬರಿಸುವುದು, ಆ ಕಡೆ ನನಗೆ ಏನೂ ಗೊತ್ತಿಲ್ಲ. ಫುಡ್ ಲೈಸೆನ್ಸಿನ ಕಾಗದ ಪತ್ರ ಈವರೆಗೆ ನಾನೇ ನೋಡಿಕೊಂಡಿಲ್ಲ, ಕಲಿಯಬೇಕು. ಮರಾಠಿ, ಹಿಂದಿ ಸಲೀಸು, ತುಳು ಅರ್ಥವಾಗುತ್ತದೆ. ಡ್ರೈವರುಗಳ ಜೊತೆ ಜಗಳವಿಲ್ಲದೆ ಕೆಲಸ ಮಾಡಿಸುವುದು ಬರುತ್ತದೆ. ಅದರ ಬಗ್ಗೆ ಇಲ್ಲಿನ ಸೇಠರನ್ನು ಕೇಳಬೇಡಿ, ನಾನು ಬಿಡುವ ವಿಷಯ ಅವರಿಗೆ ಇನ್ನೂ ಹೇಳಿಲ್ಲ. ಶೆಟ್ಟರ ಅಂಗಡಿಗೆ ನಮ್ಮ ಮೊಸರೂ ಹೋಗುತ್ತದೆ, ಅವರನ್ನೇ ಕೇಳಿ.

ಬಿಡುವ ಕಾರಣ ಇಷ್ಟೇ. ಇಲ್ಲಿ ಆರು ವರ್ಷದಲ್ಲಿ ಎಷ್ಟು ಬರಬಹುದೋ ಅಷ್ಟು ಮೇಲೆ ಬಂದಾಯಿತು, ಮುಂದಿನ ಕುರ್ಚಿಗಳೆಲ್ಲ ಸೇಠರ ಮನೆಯವರಿಗೇ. ಈಗ ಕೈಗೆ 34,000 ಬರುತ್ತದೆ. ನಿಮ್ಮಲ್ಲಿ 36,000 ಕೇಳುತ್ತೇನೆ, ಮೊದಲ ಮೂರು ತಿಂಗಳು 34,000ಕ್ಕೇ ಬರಲು ತಯಾರು. ಒಂದು ತಿಂಗಳ ನೋಟಿಸ್ ಕೊಡಬೇಕು.

ನನಗೆ ರಜೆ ಮಂಗಳವಾರ. ನೀವು ಹೂಂ ಅಂದರೆ ಬರುವ ಮಂಗಳವಾರ ಬೆಳಗ್ಗೆ ನಾಲ್ಕಕ್ಕೆ ತುರ್ಭೆಗೆ ಬಂದು ನಿಮ್ಮ ಗಾಡಿಯಲ್ಲೇ ಕೂತು ಪೂರ್ತಿ ರೂಟು ಸುತ್ತುತ್ತೇನೆ, ಅದಕ್ಕೆ ದುಡ್ಡು ಬೇಡ. ಮೂರು ಥರ್ಮಾಮೀಟರ್ ತರುತ್ತೇನೆ, ಬಾಗಿಲ ಹತ್ತಿರ ಒಂದು, ನಡುವೆ ಒಂದು, ಹಿಂದೆ ಒಂದು. ಆಮೇಲೆ ಹತ್ತು ನಿಮಿಷ ನಿಮ್ಮ ಜೊತೆ ಕೂರುತ್ತೇನೆ. ಕೆಲಸ ಕೊಡದಿದ್ದರೂ ಆ ಲೆಕ್ಕ ನಿಮ್ಮ ಹತ್ತಿರವೇ ಇರಲಿ.

12 ದಿನದ ಲೆಕ್ಕದ ಹಾಳೆಯ ಫೋಟೋ ಜೊತೆಗಿದೆ. ಕೈಬರಹ ಚೆನ್ನಾಗಿಲ್ಲ, ಅಂಗಡಿಗಳ ಹೆಸರು ಬೇಕೆಂದೇ ಅಳಿಸಿದ್ದೇನೆ. ಎದುರು ಸಿಕ್ಕಾಗ ಹೇಳುತ್ತೇನೆ, ಅವರ ಮಾಲು ಕಟ್ ಮಾಡುವುದಿಲ್ಲ ಅಂದರೆ.

ಮಂಗಳವಾರ ಬರಲೋ ಬೇಡವೋ, ಇದೇ ಮೇಲಿಗೆ ಒಂದು ಸಾಲು ಬರೆಯಿರಿ.

ಮಂಜುನಾಥ
ಡೊಂಬಿವಲಿ ಪೂರ್ವ