ಅಭ್ಯಾಸ ಹಾಳೆ 3: ಟ್ರೂತ್ ಟೇಬಲ್, ಲಾಜಿಕ್ ಗೇಟ್ ಮತ್ತು ಅರ್ಧಕ್ಕೆ ನಿಂತ ಸರ್ಕ್ಯೂಟ್‌ಗಳು

ಡಿಪ್ಲೊಮಾ ಎಲೆಕ್ಟ್ರಾನಿಕ್ಸ್, ಡಿಜಿಟಲ್ ಎಲೆಕ್ಟ್ರಾನಿಕ್ಸ್ ವಿಷಯ. ಸಮಯ 2 ಗಂಟೆ. ಒಟ್ಟು 50 ಅಂಕ.

ಪೆನ್ಸಿಲ್ ಹಿಡಿಯುವ ಮೊದಲು ಇದನ್ನು ಓದಿ. ಇನ್‌ಪುಟ್‌ಗಳನ್ನು 000, 001, 010 ಎಂಬ ಎಣಿಕೆಯ ಕ್ರಮದಲ್ಲೇ ಬರೆಯಬೇಕು. ಮನಸ್ಸಿಗೆ ಬಂದ ಕ್ರಮದಲ್ಲಿ ಬರೆದರೆ ಒಂದು ಸಾಲು ಎರಡು ಸಲ ಬರುತ್ತದೆ, ಇನ್ನೊಂದು ಬಿಟ್ಟುಹೋಗುತ್ತದೆ. ಕಳೆದ ಟೆಸ್ಟಿನಲ್ಲಿ ಹಲವರಿಗೆ ಆದದ್ದು ಇದೇ. ಮಧ್ಯದ ಗೇಟ್‌ಗಳ ಔಟ್‌ಪುಟ್‌ಗೂ ಒಂದೊಂದು ಕಾಲಂ ಇರಲಿ. ನೇರವಾಗಿ ಕೊನೆಯ ಕಾಲಂ ಬರೆದವರಿಗೆ ಉತ್ತರ ಸರಿಯಿದ್ದರೂ ಅರ್ಧ ಅಂಕ. ಈ ಹಾಳೆಯಲ್ಲಿ A' ಎಂದರೆ A ಯ ನಾಟ್, A·B ಎಂದರೆ ಆಂಡ್, A+B ಎಂದರೆ ಆರ್, A⊕B ಎಂದರೆ ಎಕ್ಸಾರ್. ಐಸಿಗಳೆಲ್ಲ 5 ವೋಲ್ಟ್‌ನ ಟಿಟಿಎಲ್: ಇನ್‌ಪುಟ್‌ನಲ್ಲಿ 0.8 ವೋಲ್ಟ್‌ವರೆಗೆ 0, 2 ವೋಲ್ಟ್ ಮೇಲ್ಪಟ್ಟರೆ 1.

ಪ್ರಶ್ನೆ 1 (6 ಅಂಕ)

Y = A·B + C' ಎಂಬ ಸಮೀಕರಣಕ್ಕೆ ಒಬ್ಬ ವಿದ್ಯಾರ್ಥಿ ಬರೆದ ಟೇಬಲ್ ಇದು:

```
A B C | Y
0 0 0 | 1
0 0 1 | 0
0 1 0 | 1
0 1 1 | 0
1 0 0 | 1
1 0 1 | 0
1 1 0 | 0
1 1 1 | 0
```

(ಅ) A·B ಮತ್ತು C' ಎರಡಕ್ಕೂ ಕಾಲಂ ಹಾಕಿ ಸರಿಯಾದ ಟೇಬಲ್ ಬರೆಯಿರಿ. ಯಾವ ಸಾಲುಗಳು ತಪ್ಪಿವೆ?
(ಆ) ಈ ವಿದ್ಯಾರ್ಥಿ ಕಣ್ಣುಮುಚ್ಚಿ ಬರೆದಿಲ್ಲ. ಬೇರೊಂದು ಸಮೀಕರಣವನ್ನು ತಲೆಯಲ್ಲಿಟ್ಟುಕೊಂಡು ಅದಕ್ಕೆ ಸರಿಯಾಗಿಯೇ ಬರೆದಿದ್ದಾನೆ. ಆ ಸಮೀಕರಣ ಯಾವುದು?

ಪ್ರಶ್ನೆ 2 (8 ಅಂಕ)

ಲ್ಯಾಬಿನ ಡಬ್ಬಿಯಲ್ಲಿ ಸಂಖ್ಯೆ ಅಳಿಸಿಹೋದ 14 ಪಿನ್‌ಗಳ ಐಸಿ ಒಂದು ಸಿಕ್ಕಿತು. ಅದು 7400, 7402, 7408, 7432 ಇವುಗಳಲ್ಲಿ ಒಂದು ಎಂದು ಗೊತ್ತು. 14ನೇ ಪಿನ್‌ಗೆ 5 ವೋಲ್ಟ್, 7ನೇ ಪಿನ್‌ಗೆ ಗ್ರೌಂಡ್ ಕೊಟ್ಟು ಮಲ್ಟಿಮೀಟರ್‌ನಲ್ಲಿ ಅಳೆದಾಗ ಬಂದದ್ದು:

```
ಪಿನ್ 2   ಪಿನ್ 3 | ಪಿನ್ 1
0 V     0 V   | 3.5 V
0 V     5 V   | 0.2 V
5 V     0 V   | 0.2 V
5 V     5 V   | 0.1 V
```

(ಅ) ವೋಲ್ಟೇಜನ್ನು 0, 1 ಆಗಿ ಬದಲಿಸಿ ಟೇಬಲ್ ಬರೆದು ಐಸಿ ಯಾವುದೆಂದು ಹೇಳಿ.
(ಆ) ಪಕ್ಕದ ಮೇಜಿನವರು ಇದೇ ಐಸಿಯನ್ನು 7400 ಎಂದುಕೊಂಡು 1 ಮತ್ತು 2ನೇ ಪಿನ್‌ಗೆ ಇನ್‌ಪುಟ್ ಕೊಟ್ಟು, 3ನೇ ಪಿನ್‌ನಲ್ಲಿ ಔಟ್‌ಪುಟ್ ನೋಡಿದರು. ಐಸಿ ಬಿಸಿಯಾಯಿತು. ಯಾಕೆ?
(ಇ) 3ನೇ ಪಿನ್‌ನ ತಂತಿ ಬ್ರೆಡ್‌ಬೋರ್ಡಿನಿಂದ ಕಳಚಿದೆ, 2ನೇ ಪಿನ್ ಗ್ರೌಂಡಿನಲ್ಲಿದೆ. ಮೀಟರನ್ನು 3ನೇ ಪಿನ್‌ಗೆ ಹಿಡಿದರೆ ಸುಮಾರು 1.4 ವೋಲ್ಟ್ ಕಾಣುತ್ತದೆ. ಗೇಟ್ ಇದನ್ನು 0 ಎಂದು ತಿಳಿಯುತ್ತದೆಯೋ 1 ಎಂದೋ? 1ನೇ ಪಿನ್‌ನಲ್ಲಿ ಏನು ಬರುತ್ತದೆ?

ಪ್ರಶ್ನೆ 3 (4 ಅಂಕ)

ನಾಲ್ಕು ಇನ್‌ಪುಟ್ ಇದ್ದರೆ ಟೇಬಲ್‌ನಲ್ಲಿ 16 ಸಾಲು. ಎರಡೇ ಇನ್‌ಪುಟ್ ಇದ್ದರೆ ಬರೆಯಬಹುದಾದ ಬೇರೆ ಬೇರೆ ಔಟ್‌ಪುಟ್ ಕಾಲಂಗಳೂ 16. ಈ ಎರಡು ಹದಿನಾರುಗಳನ್ನು ಒಂದೇ ಎಂದುಕೊಳ್ಳಬೇಡಿ. ಎರಡನೆಯ ಹದಿನಾರರಲ್ಲಿ ಆಂಡ್, ಆರ್, ನ್ಯಾಂಡ್, ನಾರ್, ಎಕ್ಸಾರ್, ಎಕ್ಸ್‌ನಾರ್ ಬಿಟ್ಟರೆ ಉಳಿಯುವ ಹತ್ತು ಕಾಲಂಗಳನ್ನು ಬರೆಯಿರಿ. ಅವುಗಳಲ್ಲಿ ಎರಡೂ ಇನ್‌ಪುಟ್‌ಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದವು ಯಾವುವು? ಒಂದನ್ನು ಮಾತ್ರ ನೋಡುವವು ಯಾವುವು?

ಪ್ರಶ್ನೆ 4 (12 ಅಂಕ)

ಈ ಹಾಳೆಯಲ್ಲಿ ಒಂದೇ ಪ್ರಶ್ನೆ ಮಾಡಲು ಸಮಯವಿದ್ದರೆ ಇದನ್ನು ಮಾಡಿ.

ಒಂದೇ ಒಂದು 7400 ಐಸಿಯಲ್ಲಿ ಎಕ್ಸಾರ್ ಗೇಟ್ ಕಟ್ಟಬೇಕು. ಐಸಿಯ ನಾಲ್ಕು ನ್ಯಾಂಡ್ ಗೇಟ್‌ಗಳ ಪಿನ್‌ಗಳು ಹೀಗಿವೆ: 1, 2 ಇನ್‌ಪುಟ್, 3 ಔಟ್‌ಪುಟ್, 4, 5 ಇನ್‌ಪುಟ್, 6 ಔಟ್‌ಪುಟ್, 9, 10 ಇನ್‌ಪುಟ್, 8 ಔಟ್‌ಪುಟ್, 12, 13 ಇನ್‌ಪುಟ್, 11 ಔಟ್‌ಪುಟ್. ಇಲ್ಲಿಯವರೆಗೆ ಹಾಕಿರುವ ತಂತಿಗಳು:

```
A  → 1, 4
B  → 2, 10
3  → 5
6  → 12
11 → Y
+5 V → 14,  GND → 7
```

ಇನ್ನೂ ಎರಡು ತಂತಿ ಹಾಕಬೇಕಿದೆ.

(ಅ) ಆ ಎರಡು ತಂತಿಗಳು ಯಾವ ಪಿನ್‌ನಿಂದ ಯಾವ ಪಿನ್‌ಗೆ? ಗೇಟ್‌ಗಳ ಚಿಹ್ನೆ ಬರೆದು, ಪ್ರತಿ ಗೆರೆಯ ಮೇಲೆ ಪಿನ್ ಸಂಖ್ಯೆ ಹಾಕಿ ಸರ್ಕ್ಯೂಟ್ ಪೂರ್ತಿ ಮಾಡಿ. (4)
(ಆ) ಪಿನ್ 3, 6, 8, 11 ಇವುಗಳಿಗೆ ಕಾಲಂ ಹಾಕಿ ಟ್ರೂತ್ ಟೇಬಲ್ ಬರೆಯಿರಿ. (4)
(ಇ) ಎರಡು ತಂತಿಗಳಲ್ಲಿ 9ನೇ ಪಿನ್‌ಗೆ ಹೋಗಬೇಕಾದದ್ದನ್ನು ಒಬ್ಬಳು ಮರೆತಳು. ಎಲ್‌ಇಡಿ ಹಚ್ಚಿ ಮೂರು ಸಾಲು ನೋಡಿದಳು, ಮೂರೂ ಎಕ್ಸಾರ್‌ನಂತೆಯೇ ಬಂದವು, ರೆಕಾರ್ಡ್ ಬರೆದಿಟ್ಟಳು. ಅವಳು ನೋಡದೆ ಬಿಟ್ಟ ಸಾಲು ಯಾವುದು? ಅವಳ ಸರ್ಕ್ಯೂಟ್ ನಿಜಕ್ಕೂ ಯಾವ ಗೇಟ್ ಆಗಿದೆ? ಬೂಲಿಯನ್ ಬೀಜಗಣಿತದಿಂದ ತೋರಿಸಿ. (4)

ಪ್ರಶ್ನೆ 5 (6 ಅಂಕ)

ಮನೆಯ ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸುವ ಮೋಟಾರ್. ಸಂಪಿನಲ್ಲಿ ನೀರಿದ್ದರೆ S = 1, ಟ್ಯಾಂಕ್ ತುಂಬಿದ್ದರೆ T = 1. ಸಂಪಿನಲ್ಲಿ ನೀರಿದ್ದು ಟ್ಯಾಂಕ್ ತುಂಬಿಲ್ಲದಿದ್ದಾಗ ಮಾತ್ರ M = 1. (ಗೇಟ್ ನೇರವಾಗಿ ಮೋಟಾರನ್ನು ಓಡಿಸುವುದಿಲ್ಲ, ನಡುವೆ ಟ್ರಾನ್ಸಿಸ್ಟರ್, ರಿಲೇ ಇದೆ ಎಂದುಕೊಳ್ಳಿ.)

ಅಂಗಡಿಯಲ್ಲಿ 7402 ಮಾತ್ರ ಸಿಕ್ಕಿತು. ಕೊನೆಯ ನಾರ್ ಗೇಟ್‌ನ ಒಂದು ಇನ್‌ಪುಟ್‌ಗೆ T ಜೋಡಿಸಲಾಗಿದೆ, ಔಟ್‌ಪುಟ್ M. ಇನ್ನೊಂದು ಇನ್‌ಪುಟ್‌ಗೆ ಏನು ಬರಬೇಕು? ಅದನ್ನು ಅದೇ ಐಸಿಯ ಇನ್ನೊಂದು ಗೇಟ್‌ನಿಂದ ಹೇಗೆ ಪಡೆಯುತ್ತೀರಿ? ಸರ್ಕ್ಯೂಟ್ ಮುಗಿಸಿ.

ಮುಗಿಸಿದ ಮೇಲೆ ಇದನ್ನೂ ಯೋಚಿಸಿ: ಇಲಿ ತಂತಿ ಕಡಿಯಿತು. S ತಂತಿ ತುಂಡಾದರೆ ಏನಾಗುತ್ತದೆ, T ತಂತಿ ತುಂಡಾದರೆ ಏನಾಗುತ್ತದೆ? ಮೋಟಾರಿಗೆ ಅಪಾಯ ಯಾವುದರಿಂದ?

ಪ್ರಶ್ನೆ 6 (9 ಅಂಕ)

ಹೊಲದ ಬೋರ್‌ವೆಲ್ ಮೋಟಾರಿಗೆ ಮೂರು ಫೇಸ್: R, Y, B. ಮೂರೂ ಇದ್ದರೆ ಸರಿ. ಒಂದೂ ಇಲ್ಲದಿದ್ದರೆ ಕರೆಂಟ್ ಹೋಗಿದೆ, ಅದರಿಂದಲೂ ಮೋಟಾರಿಗೆ ತೊಂದರೆಯಿಲ್ಲ. ಎರಡೇ ಫೇಸ್ ಬಂದಾಗ ಮೋಟಾರ್ ಹಾಕಿದರೆ ವೈಂಡಿಂಗ್ ಸುಡುತ್ತದೆ, ಒಂದೇ ಬಂದರೆ ಮೋಟಾರ್ ತಿರುಗುವುದೇ ಇಲ್ಲ. ಅಂಥ ಹೊತ್ತಿನಲ್ಲಿ K = 1 ಆಗಿ ಗಂಟೆ ಬಾರಿಸಬೇಕು. ಮೋಟಾರ್ ರಿವೈಂಡಿಂಗಿಗೆ ಕೊಟ್ಟು ಬಂದವರ ಮನೆಯ ಮಕ್ಕಳು ನಿಮ್ಮ ತರಗತಿಯಲ್ಲೇ ಇದ್ದಾರೆ, ಅವರನ್ನು ಕೇಳಿದರೆ ಈ ಗಂಟೆಯ ಬೆಲೆ ತಿಳಿಯುತ್ತದೆ.

(ಅ) ಎಂಟು ಸಾಲಿನ ಟೇಬಲ್ ಬರೆಯಿರಿ. K ಎಷ್ಟು ಸಾಲುಗಳಲ್ಲಿ 1? (3)
(ಆ) ಸರ್ಕ್ಯೂಟಿನ ಕೊನೆಗೆ ಆಂಡ್ ಗೇಟ್ ಇದೆ. ಅದರ ಒಂದು ಇನ್‌ಪುಟ್ ಮೂರು ಇನ್‌ಪುಟ್‌ಗಳ ಆರ್ ಗೇಟ್‌ನಿಂದ ಬರುತ್ತದೆ. ಇನ್ನೊಂದು P ಎಂಬ ಮೂರು ಇನ್‌ಪುಟ್‌ಗಳ ಗೇಟ್‌ನಿಂದ. P ಯಾವ ಗೇಟ್? (2)
(ಇ) ಇನ್ನೊಬ್ಬ ವಿದ್ಯಾರ್ಥಿ R⊕Y, Y⊕B ಎಂಬ ಎರಡು ಎಕ್ಸಾರ್‌ಗಳನ್ನು Q ಎಂಬ ಒಂದೇ ಗೇಟ್‌ಗೆ ಕೊಟ್ಟು ಕೆಲಸ ಮುಗಿಸಿದ. Q ಯಾವುದು? 7486ರಲ್ಲಿ ಗೇಟ್ ಉಳಿದಿದೆಯಲ್ಲ ಎಂದು Q ಜಾಗಕ್ಕೂ ಎಕ್ಸಾರ್ ಹಾಕಿದರೆ ಬಾರಿಸಬೇಕಾದ ಯಾವ ಎರಡು ಸಾಲುಗಳಲ್ಲಿ ಗಂಟೆ ಬಾರಿಸುವುದಿಲ್ಲ? (4)

ಪ್ರಶ್ನೆ 7 (5 ಅಂಕ)

ಎರಡು ಹಾಫ್ ಆ್ಯಡರ್ ಸೇರಿಸಿ ಫುಲ್ ಆ್ಯಡರ್ ಮಾಡಿದೆ. ಮೊದಲನೆಯದರ ಕ್ಯಾರಿ C1 = A·B, ಎರಡನೆಯದರದು C2 = (A⊕B)·Cin. ಎರಡೂ G ಗೇಟ್‌ಗೆ ಹೋಗಿ ಅಂತಿಮ ಕ್ಯಾರಿ ಬರುತ್ತದೆ. ಪುಸ್ತಕಗಳಲ್ಲಿ G ಎಂದರೆ ಆರ್. ಆರ್ ಗೇಟ್ ಸಿಗದಿದ್ದರೆ ಎಕ್ಸಾರ್ ಹಾಕಬಹುದೇ? C1, C2 ಕಾಲಂಗಳನ್ನು ಎಂಟು ಸಾಲಿಗೂ ಬರೆದು ನಿರ್ಧರಿಸಿ. 6(ಇ)ಯ ಉತ್ತರವನ್ನು ಇಲ್ಲಿಗೆ ನಕಲು ಮಾಡಬೇಡಿ.

ಉತ್ತರಗಳು (1, 2, 4, 6 ಮಾತ್ರ, ಉಳಿದವು ಸೋಮವಾರ ಬೋರ್ಡಿನ ಮೇಲೆ)

1. ತಪ್ಪಿದ ಸಾಲುಗಳು 110 ಮತ್ತು 111; ಎರಡರಲ್ಲೂ Y = 1 ಆಗಬೇಕು. ವಿದ್ಯಾರ್ಥಿ ಬರೆದದ್ದು (A·B + C)' ಇದರ ಟೇಬಲ್. C ಯ ಮೇಲಷ್ಟೇ ಇದ್ದ ಗೆರೆಯನ್ನು ಇಡೀ ಸಮೀಕರಣದ ಮೇಲೆ ಎಳೆದುಬಿಟ್ಟಿದ್ದಾನೆ. ಬೋರ್ಡಿನಿಂದ ಇಳಿಸಿಕೊಳ್ಳುವಾಗ ಗೆರೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ನೋಡಿ.

2. ನಾರ್, ಅಂದರೆ 7402. ಉಳಿದ ಮೂರು ಐಸಿಗಳಲ್ಲಿ ಮೊದಲ ಗೇಟ್‌ನ ಔಟ್‌ಪುಟ್ 3ನೇ ಪಿನ್. 7402ರಲ್ಲಿ ಮಾತ್ರ ಅದು 1ನೇ ಪಿನ್. ಪಕ್ಕದ ಮೇಜಿನವರು ಔಟ್‌ಪುಟ್ ಪಿನ್‌ಗೇ 5 ವೋಲ್ಟ್ ಹಾಯಿಸಿದರು. ಗೇಟ್ ಅದನ್ನು 0ಗೆ ಎಳೆಯುತ್ತಿರುವಾಗ ಹೀಗೆ ಮಾಡಿದರೆ ಒಳಗಿನ ಟ್ರಾನ್ಸಿಸ್ಟರ್ ಮೂಲಕ ಹೆಚ್ಚು ಕರೆಂಟ್ ಹರಿಯುತ್ತದೆ. (ಇ)ಯಲ್ಲಿ, ಟಿಟಿಎಲ್ ಗೇಟ್ ತೂಗಾಡುವ ಇನ್‌ಪುಟ್ಟನ್ನು 1 ಎಂದೇ ತಿಳಿಯುತ್ತದೆ. ಆದ್ದರಿಂದ ಔಟ್‌ಪುಟ್ 0. ಇದು ನಂಬಿ ಬಿಡಬಹುದಾದ 1 ಅಲ್ಲ, ಹತ್ತಿರದ ತಂತಿಯ ಗದ್ದಲಕ್ಕೂ ಅಲುಗಾಡುತ್ತದೆ. ಬೇಕಿಲ್ಲದ ಇನ್‌ಪುಟ್ಟನ್ನು ಗ್ರೌಂಡಿಗೋ 5 ವೋಲ್ಟಿಗೋ ಕಟ್ಟಿಬಿಡಿ.

4. ತಂತಿಗಳು 3ರಿಂದ 9ಕ್ಕೆ ಮತ್ತು 8ರಿಂದ 13ಕ್ಕೆ.

```
A B | 3 6 8 11
0 0 | 1 1 1 0
0 1 | 1 1 0 1
1 0 | 1 0 1 1
1 1 | 0 1 1 0
```

ಅವಳು ಬಿಟ್ಟದ್ದು 11ರ ಸಾಲು. 9ನೇ ಪಿನ್ ತೂಗಾಡುತ್ತಿದ್ದರೆ ಅದು 1 ಇದ್ದಂತೆ, ಆಗ 8ನೇ ಪಿನ್‌ನಲ್ಲಿ B'. 6ನೇ ಪಿನ್‌ನಲ್ಲಿ (A·B')' ಮೊದಲಿನಂತೆಯೇ ಇದೆ. ಕೊನೆಯ ನ್ಯಾಂಡ್ ಕೊಡುವುದು:

```
Y = ((A·B')' · B')' = A·B' + B = A + B
```

ಎಕ್ಸಾರ್ ಎಂದು ರೆಕಾರ್ಡ್ ಆದದ್ದು ಆರ್ ಗೇಟ್. ಎರಡಕ್ಕೂ ವ್ಯತ್ಯಾಸ ಇರುವುದೇ ಆ ಒಂದು ಸಾಲಿನಲ್ಲಿ.

6. K ಆರು ಸಾಲುಗಳಲ್ಲಿ 1. 000 ಮತ್ತು 111 ಬಿಟ್ಟು ಉಳಿದವೆಲ್ಲ. P ನ್ಯಾಂಡ್. Q ಆರ್. Q ಜಾಗಕ್ಕೆ ಎಕ್ಸಾರ್ ಹಾಕಿದರೆ Y ಎರಡು ಸಲ ಬಂದು ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ, ಉಳಿಯುವುದು R⊕B. ಹಾಗಾಗಿ 010 ಮತ್ತು 101ರಲ್ಲಿ, ಅಂದರೆ Y ಫೇಸ್ ಒಂದೇ ಬಂದಾಗ ಮತ್ತು Y ಒಂದೇ ಹೋದಾಗ, ಗಂಟೆ ಸುಮ್ಮನಿರುತ್ತದೆ.